ರಾತ್ರಿ ಪಾಳಿಯ ಕಥೆಗಳು – 14: ದೊಡ್ಡಪ್ಪನ ರಿಪೋರ್ಟು ಮತ್ತು ಕೋಪನ್‌ಹೇಗನ್ನಿನ ತಪ್ಪು ಲೆಕ್ಕ

ಹೋದ ಸಲ ನಮ್ಮ ವಾರ್ಡಿನ ಕ್ರಿಸ್‌ಮಸ್ ರಾತ್ರಿಯ ಬಗ್ಗೆ ಬರೆದಿದ್ದೆ. ಈ ಸಲ ಇಂಗ್ಲೆಂಡಿನ ಚಳಿ, ಮಂಜು ಯಾವುದೂ ಇಲ್ಲ. ಸಾಗರದಿಂದ ಬಂದ ಒಂದು ವಾಟ್ಸ್ಯಾಪ್ ಫೋಟೋದಿಂದ ಶುರು ಮಾಡುತ್ತೇನೆ.

ದೊಡ್ಡಪ್ಪನ ಶ್ವಾಸಕೋಶದ ಕಥೆ ನಿಮಗೆಲ್ಲ ಗೊತ್ತಿರುವುದೇ. ನಲವತ್ತು ವರ್ಷ ಬೀಡಿ, ಅದರ ಮೇಲೆ ಅಕ್ಕಿ ಗಿರಣಿಯ ಧೂಳು. ಈಗ ಮನೆಯಲ್ಲಿ ಆಕ್ಸಿಜನ್ ಮಷೀನು ಇದೆ, ಡಾಕ್ಟರು ಒಂದು ಲೀಟರಿಗೆ ಇಟ್ಟುಕೊಟ್ಟಿದ್ದಾರೆ. ಹೋದ ತಿಂಗಳು ತಪಾಸಣೆಗೆ ಹೋದಾಗ ಮಣಿಕಟ್ಟಿನಿಂದ ರಕ್ತ ತೆಗೆದು ಒಂದು ಪರೀಕ್ಷೆ ಮಾಡಿದರು. ಆ ಹಾಳೆಯ ಫೋಟೋ ಕಳಿಸಿ ದೊಡ್ಡಪ್ಪನ ಮಗಳು ಕೇಳಿದಳು: "ಅಕ್ಕಾ, ಬೈಕಾರ್ಬನೇಟ್ 32 ಅಂತೆ, ಪಕ್ಕದಲ್ಲಿ ದಪ್ಪಕ್ಕೆ ಹೆಚ್ ಅಂತ ಹಾಕಿದಾರೆ. ಹಾಗಂದ್ರೆ ರಕ್ತ ಕ್ಷಾರ ಆಗಿದೆ ಅಂತ ಫೋನಲ್ಲಿ ಓದಿದೆ. ನಿಂಬೆಹಣ್ಣಿನ ರಸ ಕೊಡ್ಲಾ? ಮತ್ತೆ ಬೆರಳಿಗೆ ಹಾಕೋ ಮಷೀನು 90 ಮಾತ್ರ ತೋರಿಸ್ತಿದೆ, ಆಕ್ಸಿಜನ್ ಮೂರು ಲೀಟರ್ ಮಾಡ್ಲಾ?"

ಅವಳಿಗೆ ಮೊದಲು ಎರಡೇ ಮಾತು ಬರೆದೆ: "ಎರಡೂ ಬೇಡ. ರಾತ್ರಿ ಫೋನ್ ಮಾಡ್ತೀನಿ." ಆಮೇಲೆ ಅನ್ನಿಸಿತು, ಅವಳು ಮಾಡಿದ ತಪ್ಪು ಸಣ್ಣವರ ತಪ್ಪಲ್ಲ. 1952ರಲ್ಲಿ ಕೋಪನ್‌ಹೇಗನ್ ಊರಿನ ದೊಡ್ಡ ದೊಡ್ಡ ಡಾಕ್ಟರುಗಳು ಇದೇ ಸಂಖ್ಯೆಯನ್ನು ಹೀಗೇ ಓದಿದ್ದರು. ಅವರ ಮುಂದೆ ಮಕ್ಕಳು ಸಾಯುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಡೆನ್ಮಾರ್ಕಿನಲ್ಲಿ ಪೋಲಿಯೋ ಬಂತು. ಅಲ್ಲಿ ಸಾಂಕ್ರಾಮಿಕ ರೋಗಗಳಿಗೆಂದು ಬ್ಲೆಗ್ಡಾಮ್ ಎಂಬ ಆಸ್ಪತ್ರೆ ಇತ್ತು, ಮುಖ್ಯಸ್ಥರು ಡಾ. ಲಾಸೆನ್. ಜೋರಿನ ದಿನಗಳಲ್ಲಿ ದಿನಕ್ಕೆ ಐವತ್ತರಷ್ಟು ರೋಗಿಗಳು ಬರುತ್ತಿದ್ದರು. ಪೋಲಿಯೋ ಎಂದರೆ ನಮಗೆ ಕಾಲು ಸೊರಗಿದ ಮಕ್ಕಳು ನೆನಪಾಗುತ್ತಾರೆ. ಆದರೆ ಅಲ್ಲಿ ಬಂದವರಲ್ಲಿ ಬಹಳ ಜನಕ್ಕೆ ಉಸಿರಾಡಿಸುವ ಸ್ನಾಯುಗಳು, ನುಂಗುವ ಸ್ನಾಯುಗಳೇ ಸೋತಿದ್ದವು. ಇಡೀ ಆಸ್ಪತ್ರೆಗೆ ಇದ್ದದ್ದು ಒಂದೇ ಒಂದು 'ಕಬ್ಬಿಣದ ಶ್ವಾಸಕೋಶ', ಅಂದರೆ ರೋಗಿಯನ್ನು ಕುತ್ತಿಗೆಯವರೆಗೆ ಒಳಗೆ ಮಲಗಿಸುವ ಪೀಪಾಯಿ. ಅದರ ಜೊತೆ ಎದೆಗೆ ಕಟ್ಟುವ ಆರು ಕವಚಗಳು. ಉಸಿರಿನ ಸ್ನಾಯು ಸೋತು ಈ ಯಂತ್ರಗಳಿಗೆ ಹೋದ ಮೊದಲ 31 ಜನರಲ್ಲಿ 27 ಜನ ಮೂರು ದಿನದೊಳಗೆ ಸತ್ತರು.

ಸಾಯುವ ಮೊದಲು ಅವರು ಹೇಗಿರುತ್ತಿದ್ದರು ಎನ್ನುವುದು ಮುಖ್ಯ. ಮೈಯೆಲ್ಲ ಬೆವರು, ರಕ್ತದೊತ್ತಡ ಏರಿಕೆ, ಆಮೇಲೆ ಮಂಪರು. ಆದರೆ ಆಕ್ಸಿಜನ್ ಕೊಟ್ಟಿದ್ದರಿಂದ ಅನೇಕರ ತುಟಿ ನೀಲಿಯಾಗಿರುತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡಿದರೆ ಒಂದು ಸಂಖ್ಯೆ ಜಾಸ್ತಿ ಬರುತ್ತಿತ್ತು: ರಕ್ತದಲ್ಲಿರುವ ಒಟ್ಟು ಕಾರ್ಬನ್ ಡೈಆಕ್ಸೈಡ್. ರಕ್ತದಲ್ಲಿ ಈ ಅನಿಲದ ಬಹುಪಾಲು ಬೈಕಾರ್ಬನೇಟ್ ಆಗಿ ಇರುತ್ತದೆ, ಬೈಕಾರ್ಬನೇಟ್ ಕ್ಷಾರ. ಹಾಗಾಗಿ ಡಾಕ್ಟರುಗಳು, "ಇದೇನೋ ಕಾರಣ ಗೊತ್ತಿಲ್ಲದ ಕ್ಷಾರತೆ, ಪೋಲಿಯೋ ವೈರಸ್ ಮಿದುಳಿಗೆ ಹೋಗಿ ಮಾಡುತ್ತಿರುವ ಉಪದ್ವ್ಯಾಪ ಇರಬೇಕು" ಎಂದುಕೊಂಡರು. ಕೊಂಚ ಹೆಚ್ಚು ಕಡಿಮೆ ನಮ್ಮ ಪುಟ್ಟಿ ಹೇಳಿದ ಹಾಗೆಯೇ.

ಇಲ್ಲಿ ನಮ್ಮ ಅಡುಗೆ ಮನೆಗೆ ಒಂದು ಸುತ್ತು ಹೋಗಿ ಬರೋಣ. ಸಾರಿನಲ್ಲಿ ಬೆಲ್ಲ ಎಷ್ಟಿದೆ ಎಂದು ಮಾತ್ರ ಹೇಳಿದರೆ ಸಾರು ಸಿಹಿಯೋ ಹುಳಿಯೋ ಹೇಳಲು ಆಗುವುದಿಲ್ಲ. ಹುಣಸೆಹಣ್ಣು ಎಷ್ಟು ಬಿದ್ದಿದೆ ಎಂದೂ ಗೊತ್ತಿರಬೇಕು. ರಕ್ತದಲ್ಲಿ ಬೈಕಾರ್ಬನೇಟ್ ಬೆಲ್ಲ, ಕರಗಿದ ಕಾರ್ಬನ್ ಡೈಆಕ್ಸೈಡ್ ಹುಣಸೆ. ಆರೋಗ್ಯವಂತರಲ್ಲಿ ಬೈಕಾರ್ಬನೇಟ್ 24, ಕರಗಿದ ಕಾರ್ಬನ್ ಡೈಆಕ್ಸೈಡ್ ಅದೇ ಅಳತೆಯಲ್ಲಿ 1.2, ಅಂದರೆ ಇಪ್ಪತ್ತಕ್ಕೆ ಒಂದು. ಈ ಪ್ರಮಾಣ ಕೆಡದಿದ್ದರೆ ಪಿಎಚ್ 7.4ರ ಹತ್ತಿರ ನಿಲ್ಲುತ್ತದೆ. 7.35ಕ್ಕಿಂತ ಕೆಳಗೆ ಹೋದರೆ ಆಮ್ಲದ ಕಡೆ, 7.45 ದಾಟಿದರೆ ಕ್ಷಾರದ ಕಡೆ. ಹುಣಸೆಯನ್ನು ಹೊರಗೆ ಹಾಕುವುದು ಶ್ವಾಸಕೋಶ, ನಿಮಿಷಗಳಲ್ಲಿ ಮಾಡುತ್ತದೆ. ಬೆಲ್ಲ ಹೆಚ್ಚು ಕಡಿಮೆ ಮಾಡುವುದು ಮೂತ್ರಪಿಂಡ, ಅದಕ್ಕೆ ದಿನಗಳು ಬೇಕು.

ಬ್ಲೆಗ್ಡಾಮ್‌ನ ಪರೀಕ್ಷೆ ಹುಣಸೆ ಬೆಲ್ಲ ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ತೂಗುತ್ತಿತ್ತು. ಉಸಿರು ಸೋತವನ ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಹೋಗದೆ ತುಂಬಿದಾಗಲೂ ಆ ತೂಕ ಜಾಸ್ತಿ, ನಿಜವಾಗಿ ಕ್ಷಾರ ಹೆಚ್ಚಾದಾಗಲೂ ಜಾಸ್ತಿ. ಯಾವುದು ಎಂದು ಹೇಳಬೇಕಾದರೆ ಪಿಎಚ್ ಬೇಕು. ತಮಾಷೆ ನೋಡಿ, ಪಿಎಚ್ ಎಂಬ ಅಳತೆಯನ್ನು 1909ರಲ್ಲಿ ಕೊಟ್ಟವರು ಸೋರೆನ್ಸೆನ್, ಅದೇ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಬೈಕಾರ್ಬನೇಟ್, ಕಾರ್ಬನ್ ಡೈಆಕ್ಸೈಡ್, ಪಿಎಚ್ ಮೂರನ್ನೂ ಕಟ್ಟಿಹಾಕುವ ಸೂತ್ರವನ್ನು 1916ರಲ್ಲಿ ಬರೆದ ಹಾಸೆಲ್‌ಬಾಲ್ಕ್ ಕೂಡ ಡೆನ್ಮಾರ್ಕಿನವರೇ. ವಿದ್ಯೆ ಊರಲ್ಲೇ ಇತ್ತು, ಮಂಚದ ಪಕ್ಕಕ್ಕೆ ಬಂದಿರಲಿಲ್ಲ.

ಬ್ಲೆಗ್ಡಾಮ್‌ನ ಕಿರಿಯ ವೈದ್ಯ ಬ್ಯೋರ್ನೆಬೋ ಎಂಬವರು, "ಒಬ್ಬ ಅರಿವಳಿಕೆ ವೈದ್ಯರನ್ನು ಕರೆದು ಕೇಳೋಣ" ಎಂದು ಸಲಹೆ ಕೊಟ್ಟರು. ಅರಿವಳಿಕೆಯವರು ಆಗ ಆಪರೇಷನ್ ಥಿಯೇಟರಿನಿಂದ ಹೊರಗೆ ಬರುವ ಜನವಲ್ಲ. ಬಂದವರು ಬ್ಯೋರ್ನ್ ಇಬ್ಸೆನ್. ದಿನ ಬೆಳಗಾದರೆ ಥಿಯೇಟರಿನಲ್ಲಿ ಬೇರೆಯವರ ಉಸಿರನ್ನು ತನ್ನ ಕೈಯಿಂದ ಆಡಿಸುವ ಮನುಷ್ಯ. ಅವರಿಗೆ ಬೆವರು, ಏರಿದ ರಕ್ತದೊತ್ತಡ, ಮಂಪರು ಮೂರೂ ಹಳೆಯ ಪರಿಚಯ. ಇದು ಕ್ಷಾರತೆ ಅಲ್ಲ, ಗಾಳಿ ಸಾಕಷ್ಟು ಆಡದೆ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡಿದೆ ಎಂದರು.

ಆಗಸ್ಟ್ 27ರಂದು ಹನ್ನೆರಡು ವರ್ಷದ ಒಬ್ಬ ಹುಡುಗಿಯ ಮೇಲೆ ತೋರಿಸಿಕೊಡಬೇಕಾಯಿತು. ಕೈಕಾಲು ಸೋತು, ತನ್ನದೇ ಕಫದಲ್ಲಿ ಮುಳುಗುತ್ತಿದ್ದ ಮಗು. ಕುತ್ತಿಗೆಯಲ್ಲಿ ರಂಧ್ರ ಮಾಡಿ, ಶ್ವಾಸನಾಳಕ್ಕೆ ಸುತ್ತ ಗಾಳಿ ತುಂಬುವ ಪಟ್ಟಿಯಿರುವ ಕೊಳವೆ ಹಾಕಿದರು. ಮೊದಲು ಏನೂ ಸರಿಹೋಗಲಿಲ್ಲ. ಮಗು ಒದ್ದಾಡಿತು, ಶ್ವಾಸನಾಳ ಬಿಗಿದುಕೊಂಡಿತು, ಗಾಳಿ ಒಳಗೇ ಹೋಗಲಿಲ್ಲ. ನೋಡಲು ಬಂದಿದ್ದ ಕೆಲವರು ಎದ್ದು ಹೊರಟರು. ಇಬ್ಸೆನ್ ಪೆಂಟಥಾಲ್ ಕೊಟ್ಟು ಅವಳ ಒದ್ದಾಟ ನಿಲ್ಲಿಸಿದರು. ಅವಳ ಸ್ವಂತ ಉಸಿರೂ ನಿಂತಿತು. ಆಗ ರಬ್ಬರ್ ಚೀಲ ಹಿಂಡಿದರೆ ಎದೆ ಮೇಲೇಳತೊಡಗಿತು. ಸ್ವಲ್ಪ ಹೊತ್ತಿನಲ್ಲಿ ಬೆವರು ಇಳಿಯಿತು, ಮೈ ಬೆಚ್ಚಗೆ ಒಣಗಿತು, ರಕ್ತದೊತ್ತಡ ಸರಿಯಾಯಿತು. ಆಮೇಲೆ ಅವಳನ್ನು ಮತ್ತೆ ಎದೆಕವಚಕ್ಕೆ ಹಾಕಿ ಆಕ್ಸಿಜನ್ ಮಾತ್ರ ಕೊಟ್ಟು ನೋಡಿದರು. ಬೆವರೂ ಏರಿದ ಒತ್ತಡವೂ ಮರಳಿ ಬಂದವು. ಚೀಲ ಹಿಂಡಿದರೆ ಮತ್ತೆ ಹೋದವು. ನೋಡುತ್ತಿದ್ದವರಿಗೆ ಇನ್ನು ವಾದ ಉಳಿಯಲಿಲ್ಲ. ಮಗು ಬದುಕಿತು.

ಆಸ್ಪತ್ರೆಯ ಪ್ರಯೋಗಾಲಯದ ಮುಖ್ಯಸ್ಥ ಪೌಲ್ ಆಸ್ಟ್ರೂಪ್ ರೇಡಿಯೋಮೀಟರ್ ಎಂಬ ಸ್ಥಳೀಯ ಕಂಪನಿಯಿಂದ ಪಿಎಚ್ ಅಳೆಯುವ ಯಂತ್ರ ತರಿಸಿ ರಕ್ತ ನೋಡಿದರು. ಪಿಎಚ್ ಕೆಳಗಿತ್ತು, ಅಂದರೆ ಆಮ್ಲ. ಇಬ್ಸೆನ್ ಹೇಳಿದ್ದೇ ಸರಿ.

ಆಮೇಲಿನ ಕಥೆಯನ್ನು ನಾನು ನರ್ಸಿಂಗ್ ಓದುವಾಗ ಎರಡು ಸಾಲಿನಲ್ಲಿ ಕೇಳಿದ್ದೆ, ಇಲ್ಲಿಗೆ ಬಂದ ಮೇಲೆ ಪೂರ್ತಿ ತಿಳಿದುಕೊಂಡೆ. ಯಂತ್ರಗಳಿಲ್ಲ, ರೋಗಿಗಳು ಬರುತ್ತಲೇ ಇದ್ದಾರೆ. ಹಾಗಾಗಿ ವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆದರು. ಸುಮಾರು 1500 ಹುಡುಗ ಹುಡುಗಿಯರು ಪಾಳಿ ಹಾಕಿಕೊಂಡು, ಒಂದೊಂದು ಮಂಚದ ಪಕ್ಕ ಕೂತು, ಹಗಲು ರಾತ್ರಿ ಚೀಲ ಹಿಂಡಿದರು. ಒಂದು ಹಂತದಲ್ಲಿ ಒಟ್ಟಿಗೆ ಎಪ್ಪತ್ತು ರೋಗಿಗಳ ಉಸಿರು ಹೀಗೆ ಬೇರೆಯವರ ಕೈಯಲ್ಲಿತ್ತು. ಹತ್ತರಲ್ಲಿ ಒಂಬತ್ತು ಜನ ಸಾಯುತ್ತಿದ್ದ ಕಡೆ, ಕೊನೆಗೆ ಸಾವು ನಾಲ್ವರಲ್ಲಿ ಒಬ್ಬರ ಮಟ್ಟಕ್ಕೆ ಇಳಿಯಿತು. ಮುಂದಿನ ವರ್ಷ ಇಬ್ಸೆನ್ ಕೋಪನ್‌ಹೇಗನ್ನಿನಲ್ಲೇ ಶುರುಮಾಡಿದ ಘಟಕವನ್ನು ನಾವು ಇವತ್ತು ಐಸಿಯು ಎಂದು ಕರೆಯುತ್ತೇವೆ.

ಚೀಲ ಎಷ್ಟು ಹಿಂಡಬೇಕು? ಕಡಿಮೆಯಾದರೆ ಆಮ್ಲ, ಅತಿಯಾದರೆ ಕ್ಷಾರ. ಅದಕ್ಕಾಗಿ ಆಸ್ಟ್ರೂಪ್ ಒಂದು ಉಪಾಯ ಮಾಡಿದರು. ಕಾರ್ಬನ್ ಡೈಆಕ್ಸೈಡನ್ನು ನೇರ ಅಳೆಯುವ ಸಲಕರಣೆ ಇರಲಿಲ್ಲ, ಪಿಎಚ್ ಅಳೆಯಬಹುದಿತ್ತು. ರೋಗಿಯ ರಕ್ತದ ಪಿಎಚ್ ನೋಡಿಕೊಂಡು, ಅದೇ ರಕ್ತವನ್ನು ಕಾರ್ಬನ್ ಡೈಆಕ್ಸೈಡ್ ಪ್ರಮಾಣ ಗೊತ್ತಿರುವ ಎರಡು ಅನಿಲಗಳ ಜೊತೆ ಬೇರೆಬೇರೆಯಾಗಿ ಬೆರೆಸಿ ಮತ್ತೆ ಎರಡು ಸಲ ಪಿಎಚ್ ನೋಡುವುದು. ಗ್ರಾಫ್ ಹಾಳೆಯ ಮೇಲೆ ಆ ಎರಡು ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದರೆ, ರೋಗಿಯ ಪಿಎಚ್ ಗೆರೆಯನ್ನು ಮುಟ್ಟುವ ಜಾಗದಲ್ಲಿ ಅವನ ಕಾರ್ಬನ್ ಡೈಆಕ್ಸೈಡ್ ಸಿಗುತ್ತದೆ. ಅಮೆರಿಕದಲ್ಲಿ 1950ರ ದಶಕದ ಕೊನೆಗೆ ಕ್ಲಾರ್ಕ್ ಅವರ ಆಕ್ಸಿಜನ್ ಕಡ್ಡಿ, ಸೆವೆರಿಂಗ್‌ಹೌಸ್ ಅವರ ಕಾರ್ಬನ್ ಡೈಆಕ್ಸೈಡ್ ಕಡ್ಡಿ, ಪಿಎಚ್ ಕಡ್ಡಿ ಮೂರೂ ಒಂದೇ ಯಂತ್ರಕ್ಕೆ ಸೇರಿದವು. ನಮ್ಮ ವಾರ್ಡಿನ ಮೂಲೆಯಲ್ಲಿರುವುದು ಅದರ ಮೊಮ್ಮಗ. ಒಂದು ಸಣ್ಣ ಸಿರಿಂಜಿನ ರಕ್ತ ಕೊಟ್ಟರೆ ಎರಡು ಮೂರು ನಿಮಿಷದಲ್ಲಿ ಬಸ್ ಟಿಕೆಟ್ಟಿನಂಥ ಚೀಟಿ ಕೊಡುತ್ತದೆ.

ಆ ಚೀಟಿ ಓದುವುದು ಹೇಗೆ ಎಂದು ಹೇಳಲು ಹೋದ ಚಳಿಗಾಲದ ಒಂದು ರಾತ್ರಿ ಸಾಕು. ಅಜ್ಜ ಒಬ್ಬರು ಬಂದರು, ದೊಡ್ಡಪ್ಪನದೇ ಕಾಯಿಲೆ, ಇಲ್ಲಿನವರು ಸಿಓಪಿಡಿ ಅನ್ನುತ್ತಾರೆ. ಮೂರು ದಿನದ ಕಫ, ಏದುಸಿರು. ದಾರಿಯಲ್ಲಿ ಯಾರೋ ಚೀಲವಿರುವ ದೊಡ್ಡ ಮಾಸ್ಕಿನಲ್ಲಿ ಹದಿನೈದು ಲೀಟರ್ ಆಕ್ಸಿಜನ್ ಹಾಕಿದ್ದರು, ಇಲ್ಲಿಗೆ ಬಂದ ಮೇಲೂ ಯಾರೂ ಇಳಿಸಿರಲಿಲ್ಲ. ಬೆರಳಿನ ಮಷೀನು 99 ತೋರಿಸುತ್ತಿತ್ತು. ಕೆನ್ನೆ ಕೆಂಪಗೆ, ಕೈ ಬೆಚ್ಚಗೆ. ಏದುಸಿರೂ ಕಡಿಮೆಯಾಗಿದೆ, ಅಜ್ಜ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾರೆ ಎಂದು ನನಗೆ ಒಪ್ಪಿಸಿದರು. ಹೆಸರು ಹಿಡಿದು ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚಿಕೊಂಡರು. ಕೈ ಚಾಚಿ ಹಿಡಿಯಿರಿ ಎಂದರೆ ಬೆರಳುಗಳು ಹಕ್ಕಿಯ ರೆಕ್ಕೆಯ ಹಾಗೆ ಬಡಿದವು. ಅದು ನಿದ್ದೆಯಲ್ಲ ಎಂದು ಗೊತ್ತಾಯಿತು. ಡಾಕ್ಟರನ್ನು ಕರೆದೆ.

ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದರು. ಇದು ನೋವಿನ ಕೆಲಸ, ತೆಗೆದ ಮೇಲೆ ಐದು ನಿಮಿಷ ಒತ್ತಿ ಹಿಡಿಯಬೇಕು. ಇಲ್ಲಿ ಕಿಲೋಪ್ಯಾಸ್ಕಲ್ ಲೆಕ್ಕ. ನಿಮಗೆ ಊರಿನ ಆಸ್ಪತ್ರೆಯ ಮಿಲಿಮೀಟರ್ ಲೆಕ್ಕದಲ್ಲೇ ಹೇಳುತ್ತೇನೆ. ಪಿಎಚ್ 7.24, ಕಾರ್ಬನ್ ಡೈಆಕ್ಸೈಡ್ 79, ಬೈಕಾರ್ಬನೇಟ್ 33, ಆಕ್ಸಿಜನ್ 118.

ಮೊದಲು ಪಿಎಚ್. 7.24 ಎಂದರೆ ಆಮ್ಲ, ಇನ್ನು ಬೇರೆ ಯಾವ ಸಂಖ್ಯೆ ಏನೇ ಹೇಳಿದರೂ ಈ ತೀರ್ಪು ಬದಲಾಗುವುದಿಲ್ಲ. ಎರಡನೆಯದು, ಈ ಆಮ್ಲ ಯಾರ ಕೆಲಸ? ಕಾರ್ಬನ್ ಡೈಆಕ್ಸೈಡ್ 35ರಿಂದ 45 ಇರಬೇಕಾದದ್ದು 79 ಇದೆ. ಹುಣಸೆ ಸುಮಾರು ಎರಡು ಪಟ್ಟು, ಅಂದರೆ ಶ್ವಾಸಕೋಶದ ಕೆಲಸ. ಮೂರನೆಯದು ಬೈಕಾರ್ಬನೇಟ್. 33 ಎಂದರೆ ಜಾಸ್ತಿ, ಆದರೆ ಇದು ಕಾಯಿಲೆ ಅಲ್ಲ, ರಿಪೇರಿ. ತಿಂಗಳುಗಟ್ಟಲೆ ಕಾರ್ಬನ್ ಡೈಆಕ್ಸೈಡ್ ಹೆಚ್ಚಿರುವವರ ಮೂತ್ರಪಿಂಡ ನಿಧಾನವಾಗಿ ಬೆಲ್ಲ ಕೂಡಿಡುತ್ತದೆ. ಗಂಟೆಗಳಲ್ಲಿ ಇಷ್ಟು ಬೆಲ್ಲ ಬರುವುದಿಲ್ಲ. ಹಾಗಾಗಿ ಈ ಅಜ್ಜ ಹಳೆಯ ಕಾರ್ಬನ್ ಡೈಆಕ್ಸೈಡ್ ಸಾಲಗಾರ, ಅದರ ಮೇಲೆ ಇವತ್ತು ಹೊಸ ಸಾಲ ಬಿದ್ದಿದೆ ಎಂದು ಅರ್ಥ. ಇಪ್ಪತ್ತಕ್ಕೆ ಒಂದು ಇರಬೇಕಾದ ಪ್ರಮಾಣ ಹದಿನಾಲ್ಕಕ್ಕೆ ಇಳಿದಿತ್ತು. ಯಾರಾದರೂ ಬೈಕಾರ್ಬನೇಟ್ ಒಂದನ್ನೇ ನೋಡಿ 'ಕ್ಷಾರ' ಎಂದಿದ್ದರೆ 1952 ಮತ್ತೆ ಬಂದಂತೆ.

ಕೊನೆಯದು ಆಕ್ಸಿಜನ್. 118 ನೋಡಿದರೆ ಭೇಷ್ ಎನ್ನಿಸುತ್ತದೆ, ಮಾಮೂಲಿ ಗಾಳಿಯಲ್ಲಿ ನಮ್ಮದು 80ರಿಂದ 100. ಆದರೆ ಎಷ್ಟು ಆಕ್ಸಿಜನ್ ಕೊಟ್ಟು ಇಷ್ಟು ಬಂತು ಎಂದು ಬರೆಯದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ. ಒಳ್ಳೆಯ ಶ್ವಾಸಕೋಶಕ್ಕೆ ಆ ದೊಡ್ಡ ಮಾಸ್ಕ್ ಹಾಕಿದ್ದರೆ ಮುನ್ನೂರು ದಾಟಬೇಕಿತ್ತು. ಶ್ವಾಸಕೋಶ ಕೆಟ್ಟಿದೆ, ಜೊತೆಗೆ ಅಜ್ಜನಿಗೆ ಬೇಕಾದ್ದಕ್ಕಿಂತ ಹೆಚ್ಚು ಆಕ್ಸಿಜನ್ ಹೋಗುತ್ತಿದೆ. ಎರಡೂ ನಿಜ.

ಹೆಚ್ಚು ಆಕ್ಸಿಜನ್ ಯಾಕೆ ಕೆಡುಕು ಮಾಡಿತು? ಅಡಿಕೆ ತೋಟ ನೆನಪಿಸಿಕೊಳ್ಳಿ. ನೀರು ಕುಡಿಯದ ಮಡಿಗೆ ಅಪ್ಪ ಕಾಲುವೆಯ ಬಾಯಿ ಮಣ್ಣು ಹಾಕಿ ಮುಚ್ಚಿ, ಒಳ್ಳೆಯ ಮಡಿಗೆ ನೀರು ತಿರುಗಿಸುತ್ತಿದ್ದರಲ್ಲ, ಶ್ವಾಸಕೋಶವೂ ಹಾಗೇ. ಗಾಳಿ ಸರಿಯಾಗಿ ಆಡದ ಭಾಗಕ್ಕೆ ಹೋಗುವ ರಕ್ತನಾಳವನ್ನು ಬಿಗಿಮಾಡಿ, ಆಡುವ ಭಾಗಕ್ಕೆ ರಕ್ತ ತಿರುಗಿಸುತ್ತದೆ. ಅದಕ್ಕೆ ಸೂಚನೆ ಆಕ್ಸಿಜನ್ ಕೊರತೆ. ಎಲ್ಲ ಕಡೆ ಆಕ್ಸಿಜನ್ ಸುರಿದರೆ ಆ ಸೂಚನೆ ಅಳಿಸಿಹೋಗಿ ಮುಚ್ಚಿದ ಬಾಯಿಗಳೆಲ್ಲ ತೆರೆಯುತ್ತವೆ. ರಕ್ತ ಕೆಟ್ಟ ಭಾಗಕ್ಕೆ ಹೋಗಿ ಕಾರ್ಬನ್ ಡೈಆಕ್ಸೈಡ್ ಇಳಿಸದೆ ವಾಪಸ್ಸು ಬರುತ್ತದೆ. ಆಕ್ಸಿಜನ್ ತುಂಬಿದ ರಕ್ತ ಕಾರ್ಬನ್ ಡೈಆಕ್ಸೈಡನ್ನು ಕಡಿಮೆ ಹಿಡಿದುಕೊಳ್ಳುತ್ತದೆ ಎನ್ನುವುದೂ ಸೇರುತ್ತದೆ, ಉಸಿರಾಡುವ ಒತ್ತಾಯ ಸ್ವಲ್ಪ ತಗ್ಗುವುದೂ ಸೇರುತ್ತದೆ. ನಮಗೆ ಕಾಲೇಜಿನಲ್ಲಿ ಈ ಕೊನೆಯದನ್ನು ಮಾತ್ರ ಹೇಳಿಕೊಟ್ಟಿದ್ದರು.

ಮಾಸ್ಕ್ ಕಿತ್ತುಹಾಕುವುದು ಉತ್ತರವಲ್ಲ. ಮೈತುಂಬ ಕಾರ್ಬನ್ ಡೈಆಕ್ಸೈಡ್ ಇರುವಾಗ ಒಮ್ಮೆಲೇ ಆಕ್ಸಿಜನ್ ತೆಗೆದರೆ, ಮೊದಲಿದ್ದಕ್ಕಿಂತ ಕೆಳಗೆ ಬಿದ್ದು ಹೃದಯ ನಿಲ್ಲಬಹುದು. ಆಕ್ಸಿಜನ್ ಪ್ರಮಾಣ ಅಳೆದು ಕೊಡುವ ವೆಂಚುರಿ ಮಾಸ್ಕ್ ಹಾಕಿ 28 ಪ್ರತಿಶತಕ್ಕೆ ಇಳಿಸಿದೆವು, ಬೆರಳಿನ ಮಷೀನಿನಲ್ಲಿ 88ರಿಂದ 92 ಗುರಿ. ಶ್ವಾಸನಾಳ ಸಡಿಲಿಸುವ ಔಷಧಿಯ ಹಬೆಯನ್ನು ಆಕ್ಸಿಜನ್ ಬದಲು ಗಾಳಿಯಲ್ಲಿ ಕೊಟ್ಟೆವು, ಸ್ಟೀರಾಯ್ಡ್ ಹೋಯಿತು. ಸುಮಾರು ಒಂದು ಗಂಟೆಯ ಮೇಲೆ ಎರಡನೇ ಚೀಟಿ: ಪಿಎಚ್ 7.29, ಕಾರ್ಬನ್ ಡೈಆಕ್ಸೈಡ್ 68, ಬೈಕಾರ್ಬನೇಟ್ 32, ಆಕ್ಸಿಜನ್ 62. ಆಕ್ಸಿಜನ್ ಅರ್ಧದಷ್ಟಾಗಿದೆ, ಅಜ್ಜ ಮೊದಲಿಗಿಂತ ಚೆನ್ನಾಗಿದ್ದಾರೆ. ಆದರೂ 7.35ರ ಕೆಳಗೇ ಇದ್ದುದರಿಂದ ಬೈಪ್ಯಾಪ್ ಹಾಕಿದರು. ಅದು ಬ್ಲೆಗ್ಡಾಮ್‌ನ ವಿದ್ಯಾರ್ಥಿಗಳ ಕೈಯೇ, ಈಗ ಕುತ್ತಿಗೆ ಕೊಯ್ಯದೆ ಮುಖದ ಮೇಲಿನ ಬಿಗಿ ಮಾಸ್ಕಿನಿಂದ ಪ್ರತಿ ಉಸಿರಿಗೂ ಒತ್ತಾಸೆ ಕೊಡುತ್ತದೆ. ಅಜ್ಜ ಎರಡು ಸಲ ಕಿತ್ತುಹಾಕಲು ನೋಡಿದರು, ಕೈ ಹಿಡಿದುಕೊಂಡು ಕೂತೆ. ಬೆಳಗಿನ ಚೀಟಿ 7.35, ಕಾರ್ಬನ್ ಡೈಆಕ್ಸೈಡ್ 58. ಏಳು ಗಂಟೆಗೆ ಚಹಾ ಕೇಳಿದರು, ಎರಡು ಚಮಚ ಸಕ್ಕರೆ ಹಾಕಿ ಎಂದು ತಾಕೀತು ಬೇರೆ.

ಚೀಟಿಯೂ ಸುಳ್ಳು ಹೇಳುತ್ತದೆ. ಅಪಧಮನಿ ತಪ್ಪಿ ಪಕ್ಕದ ಅಭಿಧಮನಿಯ ರಕ್ತ ಬಂದರೆ ಆಕ್ಸಿಜನ್ 35 ಎಂದೆಲ್ಲ ತೋರಿಸಿ ಎಲ್ಲರನ್ನೂ ಓಡಿಸುತ್ತದೆ. ಬೆರಳಿನ ಮಷೀನು 93 ಇದ್ದು ಚೀಟಿ ಹೀಗಂದರೆ ಮೊದಲು ಸಿರಿಂಜಿನ ಮೇಲೆ ಅನುಮಾನ ಪಡಬೇಕು. ಸಿರಿಂಜಿನಲ್ಲಿ ಗಾಳಿಗುಳ್ಳೆ ಉಳಿದರೆ ಕಾರ್ಬನ್ ಡೈಆಕ್ಸೈಡ್ ಕಡಿಮೆ ಬರುತ್ತದೆ, ಕಡಿಮೆ ಇದ್ದ ಆಕ್ಸಿಜನ್ ಜಾಸ್ತಿ ಕಾಣುತ್ತದೆ. ಅರ್ಧ ಗಂಟೆ ಟ್ರೇಯಲ್ಲಿ ಮರೆತರೆ ರಕ್ತಕಣಗಳು ಆಕ್ಸಿಜನ್ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ.

ಇನ್ನೊಂದು ಮಾತು, ಏದುಸಿರು ಎಂದರೆಲ್ಲ ಶ್ವಾಸಕೋಶವಲ್ಲ. ಸಕ್ಕರೆ ಕಾಯಿಲೆ ಕೈಮೀರಿ ಬಂದ ಒಬ್ಬ ಹುಡುಗನದು ಪಿಎಚ್ 7.10, ಕಾರ್ಬನ್ ಡೈಆಕ್ಸೈಡ್ 18, ಬೈಕಾರ್ಬನೇಟ್ ಐದೂವರೆ ಇತ್ತು. ಬೆಲ್ಲವೇ ಖಾಲಿಯಾಗಿ, ಸರಿದೂಗಿಸಲು ಅವನ ಶ್ವಾಸಕೋಶ ಹುಣಸೆಯನ್ನು ಹೊರಗೆ ಎಸೆಯುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಇನ್ಸುಲಿನ್ ಮತ್ತು ಸಲೈನ್. ಅದು ಇನ್ನೊಂದು ದಿನದ ಕಥೆ.

ರಾತ್ರಿ ಪುಟ್ಟಿಗೆ ಫೋನ್ ಮಾಡಿ ಹಾಳೆ ಎದುರಿಗಿಟ್ಟುಕೊಳ್ಳಲು ಹೇಳಿದೆ. "ಮೊದಲನೇ ಸಾಲು ಓದು." "ಪಿಎಚ್ 7.37." "ಸಾರು ಸರಿಯಾಗಿದೆ. ಮುಂದೆ." "ಕಾರ್ಬನ್ ಡೈಆಕ್ಸೈಡ್ 56. ಅಯ್ಯೋ ಇದಕ್ಕೂ ಹೆಚ್ ಹಾಕಿದಾರಲ್ಲ ಅಕ್ಕಾ." "ಅದು ಹಳೇ ಸಾಲ. ಅದನ್ನ ಸರಿದೂಗಿಸೋಕೇ ಆ 32 ಇರೋದು. ಅದಕ್ಕೆ ನಿಂಬೆರಸ ಬೇಡ." "ಆಕ್ಸಿಜನ್ 60." "ಬೆರಳಿನ ಮಷೀನಿನ 90 ಅಂದ್ರೆ ಅದೇ. ಡಾಕ್ಟರು ಎಷ್ಟು ಇರ್ಲಿ ಅಂದಿದಾರೆ?" ಅವಳು ಫೈಲು ತಿರುವಿ ಹುಡುಕಿದಳು. ಡಿಸ್ಚಾರ್ಜ್ ಹಾಳೆಯ ಮೂಲೆಯಲ್ಲಿ ಪೆನ್ನಲ್ಲಿ ಬರೆದಿತ್ತು, 88–92.

ಗುಬುಟು ತಿರುಗಿಸಬೇಡ ಎಂದೆ. ಬೆಳಗ್ಗೆ ಎದ್ದಾಗ ತಲೆನೋವು, ಹಗಲು ಹೊತ್ತು ತೂಕಡಿಕೆ, ಮಾತು ತೊದಲುವುದು, ಕೈ ಬಡಿಯುವುದು, ಇದರಲ್ಲಿ ಯಾವುದು ಕಂಡರೂ, ಮಷೀನು 98 ತೋರಿಸುತ್ತಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗು, 88ರ ಕೆಳಗೇ ನಿಂತರೂ ಹೋಗು, ಈ ಹಾಳೆ ಕೈಯಲ್ಲಿರಲಿ, ಅಲ್ಲಿಯವರಿಗೆ ಹಳೆಯ ಸಂಖ್ಯೆ ಗೊತ್ತಾಗಬೇಕು ಎಂದೆ. ಹಿಂದಿನಿಂದ ದೊಡ್ಡಪ್ಪನ ದನಿ ಕೇಳಿಸಿತು: "ಏನಂತೆ ಅವ್ಳು? ಬೀಡಿ ವಿಷ್ಯ ಎತ್ತಿದ್ಲಾ?"

ಎತ್ತಿದೆ. ಮರುದಿನ ಪುಟ್ಟಿ ಇನ್ನೊಂದು ಫೋಟೋ ಕಳಿಸಿದಳು. ಆಕ್ಸಿಜನ್ ಮಷೀನಿನ ಗುಬುಟಿನ ಮೇಲೆ ಮಕ್ಕಳ ಪುಸ್ತಕದ ಲೇಬಲ್ ಅಂಟಿಸಿ ದಪ್ಪಕ್ಕೆ 88–92 ಎಂದು ಬರೆದಿದ್ದಾಳೆ.